ಏಳು ಸಾಲಿನ ರಿವ್ಯೂ, ಮೂರು ಪುಟದ ನೋಟಿಸ್

ನಾನು ದಾವಣಗೆರೆಯಲ್ಲಿ ವಕೀಲಿಕೆ ಮಾಡುತ್ತೇನೆ. ಜಮೀನು, ಚೆಕ್ ಬೌನ್ಸ್, ಬಾಡಿಗೆ ತಕರಾರು ನನ್ನ ದಿನನಿತ್ಯದ ಕೆಲಸ. ಈಚೆಗೆ ಅದರ ಜೊತೆ ಆನ್‌ಲೈನ್ ರಿವ್ಯೂಗೆ ಬಂದ ಮಾನನಷ್ಟದ ನೋಟಿಸ್ ಹಿಡಿದುಕೊಂಡೂ ಜನ ಬರುತ್ತಿದ್ದಾರೆ. ಅಂಥ ಒಂದು ಕೇಸನ್ನು ಕಕ್ಷಿದಾರರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಶಾಲಾ ಶಿಕ್ಷಕಿ. 2024ರ ನವೆಂಬರಿನಲ್ಲಿ ಅವರ ಮನೆಯ ಗೃಹಪ್ರವೇಶ. ಊಟದ ಕಾಂಟ್ರ್ಯಾಕ್ಟ್ ಊರಿನದೇ ಒಬ್ಬ ಕೇಟರಿಂಗ್‌ನವರಿಗೆ. ಎಲೆಗೆ 220 ರೂಪಾಯಿ, 250 ಎಲೆ. ಕಾರ್ಯಕ್ರಮ ಮುಗಿದ ಮೂರನೇ ದಿನ ರಾತ್ರಿ ಸಿಟ್ಟಿನಲ್ಲಿ ಕೂತು ಮೇಡಂ ಒಂದು ಸ್ಟಾರ್ ಕೊಟ್ಟು ಹೀಗೆ ಬರೆದಿದ್ದರು:

"ಎಲೆಗೆ 220, ಹಗಲು ದರೋಡೆ. ಸಾಂಬಾರು ನೀರು ನೀರು, ಬಾಯಿಗಿಡೋಕಾಗಲ್ಲ. 250 ಎಲೆಗೆ ಹೇಳಿದ್ದು, ಮೂರನೇ ಪಂಕ್ತಿಗೇ ಹೋಳಿಗೆ ಖಾಲಿ. ತುಪ್ಪ ಅಂತ ದುಡ್ಡು ತಗೊಂಡು ಡಾಲ್ಡಾ ಹಾಕಿದ್ದಾರೆ. ನಮ್ಮತ್ತೆ ಫುಡ್ ಪಾಯ್ಸನ್ ಆಗಿ ಆಸ್ಪತ್ರೆ ಸೇರಿದರು. ಇವರಿಗೆ ಲೈಸೆನ್ಸೇ ಇಲ್ಲ. ಕಳ್ಳರು, ಹುಷಾರು."

ಎರಡು ವಾರಕ್ಕೆ ರಿಜಿಸ್ಟರ್ಡ್ ಪೋಸ್ಟ್ ಬಂತು. ಏಳು ದಿನದಲ್ಲಿ ರಿವ್ಯೂ ತೆಗೆಯಬೇಕು, ಕ್ಷಮೆ ಕೇಳಬೇಕು, 10 ಲಕ್ಷ ಪರಿಹಾರ ಕೊಡಬೇಕು. ಇಲ್ಲದಿದ್ದರೆ ಸಿವಿಲ್ ದಾವೆ, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಡಿ ಕ್ರಿಮಿನಲ್ ಕೇಸು. ಹಳೆಯ ಐಪಿಸಿಯಲ್ಲಿ ಇದು 499, 500 ಆಗಿತ್ತು. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯೂ ಸೇರಿದೆ.

"ಸರ್, ಈಗಲೇ ಡಿಲೀಟ್ ಮಾಡಿಬಿಡ್ಲಾ?" ಅಂತ ಫೋನ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

ಬೇಡ ಎಂದೆ. ಮೊದಲು ರಿವ್ಯೂ ಪೂರ್ತಿ ಕಾಣುವ ಹಾಗೆ, ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆಸಿದೆ. ಲಿಂಕ್ ಬರೆದಿಟ್ಟುಕೊಂಡೆ. ಎದುರು ಪಕ್ಷದವರ ಬಳಿ ಒಂದು ಪ್ರತಿ ಇದ್ದೇ ಇರುತ್ತದೆ. ಅದು ಅರ್ಧಕ್ಕೆ ಕತ್ತರಿಸಿದ್ದಾಗಿದ್ದರೆ, ಪೂರ್ತಿ ಏನಿತ್ತು ಎಂದು ತೋರಿಸಲು ನಮ್ಮ ಹತ್ತಿರವೂ ಇರಬೇಕು.

ಆಮೇಲೆ ಏಳು ವಾಕ್ಯಗಳನ್ನೂ ಒಂದೊಂದು ಸಾಲಾಗಿ ಹಾಳೆಯ ಮೇಲೆ ಬರೆದೆ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದನ್ನು ಸಾಬೀತು ಮಾಡಿ ಅಂದರೆ ಏನು ತರ್ತೀರಿ? ಕೆಲವು ವಾಕ್ಯಕ್ಕೆ ಆ ಪ್ರಶ್ನೆಯೇ ತಮಾಷೆ ಅನ್ನಿಸುತ್ತದೆ. ಅದು ಅಭಿಪ್ರಾಯ. ಪ್ರಶ್ನೆಗೆ ಅರ್ಥ ಇದೆ ಅನ್ನಿಸಿದರೆ ಅದು ಸಂಗತಿ. ಸಂಗತಿ ಅಂದಮೇಲೆ ಪುರಾವೆ ಬೇಕು.

"ಸಾಂಬಾರು ನೀರು ನೀರು" ಅನ್ನುವುದಕ್ಕೆ ಯಾವ ಪುರಾವೆ ತರುವುದು? ಅವರ ನಾಲಿಗೆಗೆ ಹಾಗನ್ನಿಸಿತು, ಮುಗಿಯಿತು. "ಹಗಲು ದರೋಡೆ" ಕೂಡ ಹಾಗೇ. ರೇಟಿನ ಪಕ್ಕದಲ್ಲಿ ಈ ಮಾತು ಬಂದರೆ ಕೇಟರಿಂಗ್‌ನವರು ಮಚ್ಚು ಹಿಡಿದು ಬಂದರು ಅಂತ ಯಾವ ಕನ್ನಡಿಗನೂ ಓದಿಕೊಳ್ಳುವುದಿಲ್ಲ. ನೋಟಿಸಿನಲ್ಲಿ ಮಾತ್ರ ಇದನ್ನೇ ದಪ್ಪ ಅಕ್ಷರದಲ್ಲಿ ಹಾಕಿ "ಗಂಭೀರ ಅಪರಾಧದ ಆರೋಪ" ಎಂದು ಬರೆದಿದ್ದರು. ನಮ್ಮ ವೃತ್ತಿಯವರ ಚಾಳಿ ಅದು, ನಾನೂ ಮಾಡಿದ್ದೇನೆ.

ಹೋಳಿಗೆ ಖಾಲಿಯಾದದ್ದು ಸಂಗತಿ. ಆದರೆ ಅದಕ್ಕೆ ಪುರಾವೆ ಗಟ್ಟಿಯಾಗಿತ್ತು. 250 ಎಲೆ ಅಂತ ವಾಟ್ಸಾಪ್‌ನಲ್ಲಿ ಒಪ್ಪಿದ ಮೆಸೇಜ್, ಅಡ್ವಾನ್ಸ್ ರಸೀದಿ, ಮೂರನೇ ಪಂಕ್ತಿಯಲ್ಲಿ ಹೋಳಿಗೆ ಇಲ್ಲದ ಎಲೆಗಳು ಕಾಣುವ ವಿಡಿಯೋ. ಅದರಲ್ಲಿ ಬಡಿಸುವವನೇ "ಮುಗೀತು" ಅನ್ನುವುದು ಕೇಳಿಸುತ್ತದೆ. ಸಿವಿಲ್ ದಾವೆಯಲ್ಲಿ ಮಾತು ನಿಜವಾಗಿದ್ದರೆ ಸಾಕು, ಅದೇ ಪೂರ್ತಿ ರಕ್ಷಣೆ. ಕ್ರಿಮಿನಲ್‌ನಲ್ಲಿ ನಿಜ ಎನ್ನುವುದರ ಜೊತೆಗೆ ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ನಾಳೆ ಇವರಿಗೆ ಊಟ ಒಪ್ಪಿಸುವವರಿಗೆ ತಿಳಿಯಲಿ ಎನ್ನುವುದು ಆ ಹಿತಕ್ಕೆ ಒಳ್ಳೆಯ ವಾದ.

ಇಲ್ಲಿವರೆಗೆ ಸಲೀಸು. ನಾಲ್ಕನೇ ವಾಕ್ಯಕ್ಕೆ ಬಂದಾಗ ನನಗೆ ತಲೆನೋವು ಶುರುವಾಯಿತು.

"ಡಾಲ್ಡಾ ಅಂತ ಹೇಗೆ ಗೊತ್ತಾಯ್ತು ಮೇಡಂ?"

"ನಮ್ಮ ಮಾವ ಒಲೆ ಹತ್ರ ಡಬ್ಬಿ ನೋಡಿದ್ರು ಸರ್. ಹೋಳಿಗೆ ವಾಸನೆನೂ ತುಪ್ಪದ್ದಲ್ಲ."

ಫೋಟೋ ಇಲ್ಲ. ಆ ಡಬ್ಬಿಯಿಂದ ಹೋಳಿಗೆಗೇ ಹಾಕಿದರು ಅನ್ನುವುದನ್ನು ಯಾರೂ ನೋಡಿಲ್ಲ. ಪಲಾವಿಗೆ ಹಾಕಿರಬಹುದು, ಅಲ್ವಾ? ದೆಹಲಿ ಹೈಕೋರ್ಟ್ ಮುಂದೆ ಪ್ರೋಟೀನ್ ಪುಡಿಯ ಕಂಪನಿಯೊಂದರ ಪ್ರಕರಣ ಬಂದಿತ್ತು. ತನ್ನ ಪುಡಿಯನ್ನು ಟೀಕಿಸಿದ ಯೂಟ್ಯೂಬರ್‌ಗಳ ವಿಡಿಯೋಗಳನ್ನು ತಡೆಯಬೇಕು ಎಂದು ಕಂಪನಿ ಕೇಳಿತ್ತು. 2025ರ ಏಪ್ರಿಲ್‌ನಲ್ಲಿ ಕೋರ್ಟು ಮಧ್ಯಂತರ ತಡೆಯಾಜ್ಞೆ ನಿರಾಕರಿಸಿತು. ಅಲ್ಲಿ ಟೀಕೆಯ ಬೆನ್ನಿಗೆ ಲ್ಯಾಬ್ ವರದಿಗಳಿದ್ದವು. ನಮ್ಮ ಕಡೆ ಯಾರೂ ಒಂದು ಹೋಳಿಗೆಯನ್ನೂ ಎತ್ತಿಟ್ಟಿರಲಿಲ್ಲ.

"ಹಾಗಿದ್ರೆ 'ಡಾಲ್ಡಾ ಹಾಕಿದ್ದಾರಂತೆ' ಅಂತ ಮಾಡಿಬಿಡೋಣ" ಎಂದರು. ಈ "ಅಂತೆ" ಮೇಲೆ ನಮ್ಮ ಜನಕ್ಕೆ ಭಾರಿ ನಂಬಿಕೆ. ಕಾನೂನಿನ ಕಣ್ಣಿಗೆ ಅದು ಕಾಣುವುದೇ ಇಲ್ಲ. ಬೇರೆಯವರ ಮಾತನ್ನು ನೀವು ದಾಟಿಸಿದರೂ ಪ್ರಕಟಿಸಿದವರು ನೀವೇ. "ನನ್ನ ಪ್ರಕಾರ" ಅಂತ ಮುಂದೆ ಸೇರಿಸುವುದೂ ಅಷ್ಟೇ. "ನನ್ನ ಪ್ರಕಾರ ಇವರು ಕಳ್ಳರು" ಅಂದರೆ ಅದು ಅಭಿಪ್ರಾಯ ಆಗಿಬಿಡುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಷ್ಟೇ ಬರೆದು, ಅದರ ಮೇಲೆ ನಿಮಗೆ ಏನನ್ನಿಸಿತು ಎಂದು ಹೇಳಿದರೆ ಮಾತ್ರ ಅದು ನ್ಯಾಯವಾದ ಟೀಕೆ ಎನ್ನಿಸಿಕೊಳ್ಳುತ್ತದೆ. ಓದುವವನ ಮುಂದೆ ಸಂಗತಿ ಇರಬೇಕು, ಆ ಸಂಗತಿ ನಿಜ ಇರಬೇಕು. ಹೌದೋ ಅಲ್ಲವೋ ಎಂದು ಅವನೇ ತೀರ್ಮಾನಿಸಲಿ.

ಅತ್ತೆಯವರ ವಿಷಯವೂ ಇದೇ ಜಾತಿ. ಆಸ್ಪತ್ರೆಗೆ ಸೇರಿದ್ದು ನಿಜ, ಡಿಸ್ಚಾರ್ಜ್ ಚೀಟಿ ಇದೆ. ಅದರಲ್ಲಿ ವಾಂತಿ ಭೇದಿ ಎಂದಿದೆ, ಯಾವುದರಿಂದ ಎಂದಿಲ್ಲ. ಆ ದಿನ ಉಂಡ ಬೇರೆ ಯಾರಿಗಾದರೂ ಹೀಗಾಗಿತ್ತಾ ಎಂದು ಕೇಳಿದೆ. ಇಲ್ಲ.

ಕೊನೆಗೆ ಲೈಸೆನ್ಸ್. ಇದನ್ನು ಅವರಿಗೆ ಹೇಳಿದ್ದು ಇನ್ನೊಬ್ಬ ಅಡುಗೆ ಕಾಂಟ್ರ್ಯಾಕ್ಟರ್. ನೋಟಿಸಿನ ಜೊತೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿಯ ಜೆರಾಕ್ಸ್ ಇತ್ತು. ಆ ಪ್ರಾಧಿಕಾರದ ಫಾಸ್ಕಾಸ್ ತಾಣದಲ್ಲಿ ಆ ಸಂಖ್ಯೆ ಹಾಕಿ ನೋಡಿದೆ. ನೋಂದಣಿ ಇತ್ತು, ಚಾಲ್ತಿಯಲ್ಲೂ ಇತ್ತು. ಸಣ್ಣ ವ್ಯಾಪಾರಕ್ಕೆ ಕೊಡುವುದು ಲೈಸೆನ್ಸ್ ಅಲ್ಲ, ರಿಜಿಸ್ಟ್ರೇಷನ್. ಹಾಗಾಗಿ "ಲೈಸೆನ್ಸ್ ಇಲ್ಲ" ಅನ್ನುವುದು ಅಕ್ಷರಶಃ ಸರಿ ಎಂದು ವಾದಿಸಬಹುದಲ್ಲ ಎಂದು ನನ್ನ ಜೂನಿಯರ್ ಖುಷಿಯಿಂದ ಓಡಿ ಬಂದ. ಸುಮ್ನೆ ಕೂರಪ್ಪ ಎಂದೆ. ಕೋರ್ಟು ನೋಡುವುದು ಸಾಮಾನ್ಯ ಓದುಗ ಏನು ಅರ್ಥ ಮಾಡಿಕೊಂಡ ಎಂದು. ಕಳ್ಳತನದಲ್ಲಿ ನಡೆಸುತ್ತಿದ್ದಾರೆ ಎಂದೇ ಅವನು ತಿಳಿಯುತ್ತಾನೆ.

ಈ ವಾಕ್ಯ ಬರೀ ಸುಳ್ಳು ಎನ್ನುವುದಕ್ಕಿಂತ ಅಪಾಯ ಜಾಸ್ತಿ ಇದ್ದದ್ದು ಇನ್ನೊಂದು ಕಡೆ. ತನ್ನ ಅಥವಾ ಸಾರ್ವಜನಿಕರ ಹಿತಕ್ಕಾಗಿ ಸದ್ಭಾವನೆಯಿಂದ ಹೇಳಿದ ಮಾತಿಗೆ ಕಲಂ 356ರಲ್ಲಿ ವಿನಾಯಿತಿ ಇದೆ. ಆದರೆ ಸದ್ಭಾವನೆ ಅಂದರೆ ಮನಸ್ಸು ಚೆನ್ನಾಗಿತ್ತು ಅಂತಲ್ಲ. ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ ಎಂದು ಕಾನೂನು ಹೇಳುತ್ತದೆ. ಎರಡು ನಿಮಿಷದಲ್ಲಿ ನೋಡಬಹುದಾಗಿದ್ದನ್ನು ನೋಡದೆ ಬರೆದರೆ ಆ ವಿನಾಯಿತಿ ಕೈತಪ್ಪುತ್ತದೆ. ಅದೂ ಹೇಳಿದವನು ಅದೇ ಧಂಧೆಯ ಪೈಪೋಟಿದಾರ!

ಇಷ್ಟಾದ ಮೇಲೆ ಅವರ ಪೂರ್ತಿ ವಾಟ್ಸಾಪ್ ಕೇಳಿದೆ. ಅಲ್ಲಿ ಇನ್ನೆರಡು ಸಿಕ್ಕಿತು. ರಿವ್ಯೂ ಹಾಕುವ ಮೊದಲು ಕೇಟರಿಂಗ್‌ನವರಿಗೆ "10,000 ವಾಪಸ್ ಹಾಕಿ, ಇಲ್ಲಾಂದ್ರೆ ಆನ್‌ಲೈನ್‌ನಲ್ಲಿ ಮಾನ ಕಳೀತೀನಿ" ಎಂದು ಕಳಿಸಿದ್ದರು. ದುಡ್ಡು ವಾಪಸ್ ಕೇಳುವುದು ಹಕ್ಕು. ಅದಕ್ಕೆ ಮಾನ ಕಳೆಯುವ ಮಾತು ಪೋಣಿಸಿದರೆ ನಮ್ಮ ಉದ್ದೇಶದ ಮೇಲೇ ಬೊಟ್ಟು ಮಾಡುತ್ತಾರೆ. ಎರಡನೆಯದು, ಮೇಡಂ ಅವರ ತಮ್ಮ, ಊಟಕ್ಕೇ ಬರದಿದ್ದವನು, ಬೆಂಗಳೂರಿನಿಂದ ಒಂದು ಸ್ಟಾರ್ ಕೊಟ್ಟು "ಕೆಟ್ಟ ಊಟ" ಎಂದು ಬರೆದಿದ್ದ. ಉಣ್ಣದವನಿಗೆ ಅಭಿಪ್ರಾಯ ಎಲ್ಲಿಂದ ಬರಬೇಕು? ಅದನ್ನು ಅವತ್ತೇ ಸ್ಕ್ರೀನ್‌ಶಾಟ್ ಇಟ್ಟುಕೊಂಡು ತೆಗೆಸಿದೆ.

ರಿವ್ಯೂವನ್ನು ಪೂರ್ತಿ ತೆಗೆಯಲಿಲ್ಲ. ನಾವಿಬ್ಬರೂ ಕೂತು ತಿದ್ದಿದ್ದು ಹೀಗೆ:

"ಎಲೆಗೆ 220, ನಮಗಂತೂ ಹಗಲು ದರೋಡೆ ಅನ್ನಿಸಿತು. ಸಾಂಬಾರು ನೀರು ನೀರು. 250 ಎಲೆಗೆ ಒಪ್ಪಿಕೊಂಡು ಮೂರನೇ ಪಂಕ್ತಿಗೇ ಹೋಳಿಗೆ ಮುಗಿದಿತ್ತು. ಹೋಳಿಗೆಯಲ್ಲಿ ನನಗೆ ತುಪ್ಪದ ರುಚಿ ಸಿಗಲಿಲ್ಲ. ದುಡ್ಡು ವಾಪಸ್ ಕೇಳಿದೆವು, ಕೊಡಲಿಲ್ಲ. ನಾನಂತೂ ಮತ್ತೆ ಇವರಿಗೆ ಒಪ್ಪಿಸುವುದಿಲ್ಲ. (ಮೊದಲು ಲೈಸೆನ್ಸ್ ಇಲ್ಲ ಎಂದು ಬರೆದಿದ್ದೆ. ನೋಂದಣಿ ಇರುವುದು ತಿಳಿಯಿತು, ತಿದ್ದಿದ್ದೇನೆ.)"

ಡಬ್ಬಿಯ ವಿಷಯವನ್ನು ಬೇಕೆಂದೇ ಬಿಟ್ಟೆವು. ಮಾವ ನೋಡಿದ್ದು ನಿಜ, ಬರೆಯಬಹುದಿತ್ತು. ಆದರೆ ತುಪ್ಪದ ರುಚಿಯ ಪಕ್ಕದಲ್ಲಿ ಡಬ್ಬಿ ಇಟ್ಟರೆ ಓದುವವನು ಮೋಸ ಎಂದೇ ಸೇರಿಸಿಕೊಳ್ಳುತ್ತಾನೆ. ಬಾಯಿಬಿಟ್ಟು ಹೇಳದೆ ಸೂಚಿಸಿದ್ದೂ ಆರೋಪವೇ. "ಕಳ್ಳರು" ಹೋಯಿತು, ಏಕೆಂದರೆ ಅದು ನಿಂತಿದ್ದೇ ಡಾಲ್ಡಾ ಮೇಲೆ. ಮೇಡಂಗೆ ಆ ಪದ ಬಿಡಲು ಬಹಳ ಸಂಕಟ ಆಯಿತು.

ನೋಟಿಸಿಗೆ ಐದನೇ ದಿನ ಉತ್ತರ ಕಳಿಸಿದೆ. ಒಂದೂವರೆ ಪುಟ. ನೋಂದಣಿಯ ವಿಷಯ ಗಮನಕ್ಕೆ ಬಂದ ಕೂಡಲೇ ಸರಿಪಡಿಸಿದ್ದೇವೆ, ಕೆಲವು ಮಾತು ಕೈಬಿಟ್ಟಿದ್ದೇವೆ, ಉಳಿದದ್ದಕ್ಕೆ ಬದ್ಧ, ವಿಡಿಯೋ ಮತ್ತು ಮೆಸೇಜ್ ನಮ್ಮ ಬಳಿ ಇವೆ, 10 ಲಕ್ಷದ ನಷ್ಟಕ್ಕೆ ನಿಮ್ಮಲ್ಲಿ ಯಾವ ಲೆಕ್ಕ ಇದೆ ತಿಳಿಸಿ. ಯಾವುದೂ ತಪ್ಪೊಪ್ಪಿಗೆಯಲ್ಲ, ನಮ್ಮ ಹಕ್ಕುಗಳಿಗೆ ಬಾಧೆಯಿಲ್ಲದೆ ಹೇಳಿದ್ದು ಎಂಬ ಸಾಲನ್ನು ಮರೆಯದೆ ಸೇರಿಸಿದೆ.

ನಡುವೆ ಒಂದು ರಾತ್ರಿ ಫೋನ್ ಬಂತು. "ಸರ್, ಪೊಲೀಸರು ಬಂದು ಕರ್ಕೊಂಡು ಹೋಗ್ತಾರಂತೆ!" ಮಾನನಷ್ಟ ಅಸಂಜ್ಞೇಯ ಅಪರಾಧ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವ ಹಾಗಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 223ರ ಪ್ರಕಾರ, ಅದನ್ನು ಕೈಗೆತ್ತಿಕೊಳ್ಳುವ ಮೊದಲು ನಮ್ಮ ಮಾತನ್ನೂ ಕೇಳಬೇಕು. ಇಷ್ಟು ಹೇಳಿದ ಮೇಲೆ ಅವರು ಮಲಗಿದರು.

ಆ ಕಡೆಯಿಂದ ಮತ್ತೆ ಪತ್ರ ಬರಲಿಲ್ಲ. ರಿವ್ಯೂ ಕೆಳಗೆ ಮಾಲೀಕರ ಉತ್ತರ ಮಾತ್ರ ಬಂತು: "ಜನ ಹೇಳಿದ್ದಕ್ಕಿಂತ ಜಾಸ್ತಿ ಬಂದಿದ್ದರು." ಅದು ಅವರ ಹಕ್ಕು. ಪರಿಹಾರದ ದಾವೆಗೆ ಪ್ರಕಟವಾದ ದಿನದಿಂದ ಒಂದು ವರ್ಷದ ಕಾಲಮಿತಿ, ಅದು 2025ರ ನವೆಂಬರಿಗೆ ಮುಗಿಯಿತು. ಕ್ರಿಮಿನಲ್ ದೂರಿಗೆ ಮೂರು ವರ್ಷ, ಅಂದರೆ 2027ರ ನವೆಂಬರ್ ತನಕ. ಆ ವಿಡಿಯೋ ಇರುವ ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕಲು ಮೇಡಂ ಹೊರಟಿದ್ದರು. ಸದ್ಯಕ್ಕೆ ಅದು ಅವರ ಬೀರುವಿನಲ್ಲಿ, ಚಾರ್ಜರ್ ಸಮೇತ ಇದೆ.