ನೂರರ ಬ್ಯಾಂಕ್ ಶೇರು ಅರವತ್ತಕ್ಕೆ ಸಿಕ್ಕರೆ: ಅಗ್ಗವೋ ಅಲ್ಲವೋ ಎಂದು ಲೆಕ್ಕ ಹಾಕುವುದು ಹೇಗೆ?

ಕಾರವಾರದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಭಾನುವಾರ ಶಿರಸಿಗೆ ಬಂದಿದ್ದ. ಊಟ ಮುಗಿಸಿ ಕೂತವನೇ ಮೊಬೈಲ್ ಮುಂದೆ ಹಿಡಿದ. 'ಮಾವ, ಈ ಬ್ಯಾಂಕಿನ ಶೇರು 60 ರೂಪಾಯಿಗೆ ಸಿಗ್ತಿದೆ. ಬುಕ್ ವ್ಯಾಲ್ಯೂ 100. ನೂರರ ಮಾಲು ಅರವತ್ತಕ್ಕೆ. ತಗೊಳ್ಳಲಾ?'

'ಮಾಲು ಏನು ಅಂತ ನೋಡಿದ್ಯಾ?' ಎಂದೆ. ನೋಡಿರಲಿಲ್ಲ. ಆವತ್ತು ಸಂಜೆಯವರೆಗೆ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ. ಬ್ಯಾಂಕಿನ ಹೆಸರು ಬೇಡ. ಓದಲು ಸುಲಭವಾಗಲಿ ಎಂದು ಅಂಕಿಗಳನ್ನೂ ದುಂಡಗೆ ಮಾಡಿದ್ದೇನೆ.

ಮೊದಲು: ಬುಕ್ ವ್ಯಾಲ್ಯೂ ಎಲ್ಲಿಂದ ಬಂತು?

ಅಡಿಕೆ ವ್ಯಾಪಾರಿಯೊಬ್ಬ ಅಂಗಡಿ ಮಾರುತ್ತಾನೆ ಎಂದುಕೊಳ್ಳಿ. ಒಳಗೆ ರಾಶಿ ಎಷ್ಟು, ಚಾಲಿ ಎಷ್ಟು ಎಂದು ಚೀಲ ಬಿಚ್ಚಿ ನೋಡಬಹುದು, ತೂಕ ಹಾಕಬಹುದು. ಬ್ಯಾಂಕಿನಲ್ಲಿ ಹಾಗೆ ನೋಡಲು ಚೀಲವಿಲ್ಲ. ಅದರ ಆಸ್ತಿಯ ದೊಡ್ಡ ಪಾಲು ಉದ್ರಿ ಪುಸ್ತಕ, ಅಂದರೆ ಜನರಿಂದ ವಾಪಸು ಬರಬೇಕಾದ ಸಾಲ.

ವಾರ್ಷಿಕ ವರದಿಯ ಬ್ಯಾಲೆನ್ಸ್ ಶೀಟ್ ತೆಗೆಯಿರಿ. ಬ್ಯಾಂಕುಗಳ ವರದಿಯಲ್ಲಿ ಶೆಡ್ಯೂಲ್ 1 ಶೇರು ಬಂಡವಾಳ, ಶೆಡ್ಯೂಲ್ 2 ಮೀಸಲು ನಿಧಿ. ಎರಡನ್ನೂ ಕೂಡಿದರೆ ಶೇರುದಾರರ ಸ್ವಂತ ಹಣ ಸಿಗುತ್ತದೆ. ಅದರಲ್ಲಿ ಕಟ್ಟಡದ ಬೆಲೆ ಹೆಚ್ಚಿಸಿ ಬರೆದುಕೊಂಡ ಮೀಸಲು ಸೇರಿದ್ದರೆ ನಾನು ಅದನ್ನು ಕಳೆದುಬಿಡುತ್ತೇನೆ. ಶಾಖೆಯ ಕಟ್ಟಡ ಮಾರಿ ಯಾರೂ ಬ್ಯಾಂಕ್ ನಡೆಸುವುದಿಲ್ಲವಲ್ಲ.

ನಮ್ಮ ಬ್ಯಾಂಕಿನ ಸ್ವಂತ ಹಣ 1,000 ಕೋಟಿ. ಶೇರುಗಳು 10 ಕೋಟಿ. ಹಾಗಾಗಿ ಒಂದು ಶೇರಿನ ಬುಕ್ ವ್ಯಾಲ್ಯೂ 100 ರೂಪಾಯಿ. ಪೇಟೆ ಬೆಲೆ 60. ಅರವತ್ತನ್ನು ನೂರರಿಂದ ಭಾಗಿಸಿದರೆ 0.6. ಬೆಲೆ ಮತ್ತು ಬುಕ್ ವ್ಯಾಲ್ಯೂ ಅನುಪಾತ, ಅಂದರೆ ಪಿ/ಬಿ, ಎಂದರೆ ಇಷ್ಟೇ.

ಈಗ ಶೆಡ್ಯೂಲ್ 9 ನೋಡಿ. ಕೊಟ್ಟ ಸಾಲದ ಲೆಕ್ಕ ಅಲ್ಲಿರುತ್ತದೆ. ನಮ್ಮ ಬ್ಯಾಂಕು ಕೊಟ್ಟದ್ದು 10,000 ಕೋಟಿ. ಸ್ವಂತ ಹಣದ ಹತ್ತು ಪಟ್ಟು. ಉಳಿದದ್ದು ಬಹುಪಾಲು ಠೇವಣಿದಾರರ ದುಡ್ಡು, ಅದನ್ನು ಪೂರ್ತಿ ಹಿಂದಿರುಗಿಸಲೇಬೇಕು. ಕೊಟ್ಟ ಸಾಲದಲ್ಲಿ ನೂರಕ್ಕೆ ಹತ್ತು ಪಾಲು ಮುಳುಗಿದರೆ ಶೇರುದಾರನ ನೂರಕ್ಕೆ ನೂರೂ ಮುಳುಗಿತು.

ಆ ಸ್ವಂತ ಹಣ ಎಷ್ಟು ದುಡಿಯುತ್ತಿದೆ?

ಬ್ಯಾಂಕಿನ ವರ್ಷದ ನಿವ್ವಳ ಲಾಭ 60 ಕೋಟಿ. ಸಾವಿರ ಕೋಟಿಗೆ 60 ಕೋಟಿ ಎಂದರೆ ಶೇಕಡಾ 6. ಇದು ಸ್ವಂತ ಬಂಡವಾಳದ ಮೇಲಿನ ಗಳಿಕೆ, ಆರ್‌ಒಇ. ಸರಿಯಾಗಿ ಮಾಡುವುದಾದರೆ ವರ್ಷದ ಮೊದಲ ದಿನದ ಮತ್ತು ಕೊನೆಯ ದಿನದ ಬಂಡವಾಳದ ಸರಾಸರಿಯಿಂದ ಭಾಗಿಸಬೇಕು.

ಶೇಕಡಾ 6 ನಮ್ಮೂರ ಎಫ್‌ಡಿಯಲ್ಲೂ ಬರುತ್ತದೆ. ಶೇರಿನ ತಲೆನೋವಿಗೆ ನೂರಕ್ಕೆ 13 ಆದರೂ ಬೇಕು ಎನ್ನುವವನು ಇಂಥ ಶೇರಿಗೆ ಎಷ್ಟು ಕೊಡಬಹುದು? ಆರನ್ನು ಹದಿಮೂರರಿಂದ ಭಾಗಿಸಿ: 0.46. ಅಂದರೆ 46 ರೂಪಾಯಿ. ಇದು ಬ್ಯಾಂಕು ಬೆಳೆಯುವುದೇ ಇಲ್ಲ ಎಂದುಕೊಂಡು ಹಾಕಿದ ಒರಟು ಲೆಕ್ಕ. ಆದರೂ ಪಿ/ಬಿ ಒಂದೇ ನೋಡಿ ಅಗ್ಗ ಎನ್ನಬಾರದು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಪೇಟೆಯವರಿಗೆ ಬುದ್ಧಿ ಇಲ್ಲದೆ ನೂರರದ್ದನ್ನು ಅರವತ್ತಕ್ಕೆ ಬಿಟ್ಟಿಲ್ಲ.

'ಹಾಗಾದ್ರೆ ಆರ್‌ಒಇ ಜಾಸ್ತಿ ಆದ್ರೆ ಬೆಲೆನೂ ಏರುತ್ತಲ್ಲ?' ಎಂದ ಅಳಿಯ. ಏರುತ್ತದೆ, ಆ ಲಾಭ ನಿಜವಾಗಿದ್ದರೆ.

ಉದ್ರಿ ಪುಸ್ತಕ ಬಿಚ್ಚುವುದು

ಅಸಲು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಆ ಸಾಲ ಎನ್‌ಪಿಎ. ಬೆಳೆಸಾಲಕ್ಕೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಬೆಳೆಯ ಹಂಗಾಮು ಎಣಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶದ ಕೆಳಗಿನ ಸಾಲುಗಳಲ್ಲಿ ಒಟ್ಟು ಎನ್‌ಪಿಎ, ನಿವ್ವಳ ಎನ್‌ಪಿಎ ಎರಡನ್ನೂ ಕೊಡಲೇಬೇಕು. ಶೇಕಡಾ ಬಿಟ್ಟು ಕೋಟಿಗಳನ್ನು ಬರೆದುಕೊಳ್ಳಿ.

ನಮ್ಮ ಬ್ಯಾಂಕಿನ ಒಟ್ಟು ಎನ್‌ಪಿಎ 800 ಕೋಟಿ. ಅದಕ್ಕಾಗಿ ಲಾಭದಿಂದ ಈಗಾಗಲೇ ತೆಗೆದಿಟ್ಟದ್ದು, ಅಂದರೆ ಪ್ರಾವಿಷನ್, 300 ಕೋಟಿ. ಉಳಿದ 500 ಕೋಟಿ ನಿವ್ವಳ ಎನ್‌ಪಿಎ. ಕಾಗದದಲ್ಲಿ ಇದು 'ಶೇಕಡಾ 5ರ ಆಸುಪಾಸು' ಎಂದು ಸಣ್ಣದಾಗಿ ಕಾಣುತ್ತದೆ. ಆದರೆ ಅದನ್ನು ಸಾಲದ ಜೊತೆ ಅಲ್ಲ, ಸ್ವಂತ ಹಣದ ಜೊತೆ ಇಟ್ಟು ನೋಡಿ. ಸಾವಿರ ಕೋಟಿಯಲ್ಲಿ ಐನೂರು! ಯಾವ ಬ್ಯಾಂಕಿನ ವರದಿ ಕೈಗೆ ಬಂದರೂ ನಾನು ಮೊದಲು ಹಾಕುವ ಭಾಗಾಕಾರ ಇದು.

ಈಗ ಈ 800 ಕೋಟಿಯಲ್ಲಿ ನೂರಕ್ಕೆ 30 ವಸೂಲಾಗುತ್ತದೆ ಎಂದುಕೊಳ್ಳೋಣ. ಬರುವುದು 240, ಹೋಗುವುದು 560. ತೆಗೆದಿಟ್ಟದ್ದು 300 ಮಾತ್ರ. ಇನ್ನೂ 260 ಕೋಟಿ ಸ್ವಂತ ಹಣದಿಂದಲೇ ಹೋಗಬೇಕು. ಸಾವಿರ 740 ಆಯಿತು. ಶೇರಿನ ಬುಕ್ ವ್ಯಾಲ್ಯೂ 74. ಆ 260 ಕೋಟಿಯನ್ನು ಈ ವರ್ಷವೇ ಬರೆದಿದ್ದರೆ 60 ಕೋಟಿ ಲಾಭ ಹೋಗಿ 200 ಕೋಟಿ ನಷ್ಟ ಕಾಣುತ್ತಿತ್ತು. ತೆರಿಗೆಯಲ್ಲಿ ಒಂದಿಷ್ಟು ಕಡಿಮೆಯಾದೀತು, ಅದನ್ನು ಇಲ್ಲಿ ಬಿಟ್ಟಿದ್ದೇನೆ. ನೂರಕ್ಕೆ 30 ಎಂಬುದೂ ನನ್ನ ಅಂದಾಜು. ಮನೆ ಸಾಲ ಹೆಚ್ಚಿದ್ದರೆ ಇದಕ್ಕಿಂತ ಚೆನ್ನಾಗಿ ವಸೂಲಾಗಬಹುದು, ಅಡವಿಲ್ಲದ ಸಾಲವಾದರೆ ಇಷ್ಟೂ ಕಷ್ಟ.

ಪುಸ್ತಕದಲ್ಲಿ ಇನ್ನೂ ಕಾಣದ ಕೆಟ್ಟ ಸಾಲ

ನಮ್ಮ ಕಡೆ ಮಾರ್ಚ್ ಕೊನೆಯ ವಾರ ಏನು ನಡೆಯುತ್ತದೆ ಎಂದು ಹೇಳಬೇಕಾಗಿಲ್ಲ. ಎರಡು ದಿನಕ್ಕೆ ಕೈಗಡ ತಂದು ಬೆಳೆಸಾಲ ಕಟ್ಟುವುದು, ಹೊಸ ಸಾಲ ಎತ್ತಿ ಕೈಗಡ ತೀರಿಸುವುದು. ಪುಸ್ತಕದ ಪ್ರಕಾರ ಸಾಲ ಚುಕ್ತಾ. ನಿಜದಲ್ಲಿ ತೋಟದವನ ಕೈಯಿಂದ ಒಂದು ರೂಪಾಯಿಯೂ ಬಂದಿಲ್ಲ. ಇದೇ ಕೆಲಸವನ್ನು ದೊಡ್ಡ ಕಂಪನಿಗೆ ಬ್ಯಾಂಕೇ ಮಾಡಿಕೊಟ್ಟರೆ? ಹೊಸ ಸಾಲ ಕೊಟ್ಟು ಹಳೆಯದರ ಬಡ್ಡಿ ಕಟ್ಟಿಸಿಕೊಂಡರೆ ಎನ್‌ಪಿಎ ಕಾಣುವುದಿಲ್ಲ. ಬಾರದ ಬಡ್ಡಿಯೂ ಆದಾಯವಾಗಿ ಸೇರಿ ಆರ್‌ಒಇ ಮೇಲೇರುತ್ತದೆ.

ಯೆಸ್ ಬ್ಯಾಂಕಿನ ಕಥೆಯಲ್ಲಿ ಕೆಟ್ಟ ಸಾಲದ ದೊಡ್ಡ ಪಾಲು ಎನ್‌ಪಿಎ ಲೆಕ್ಕದಿಂದ ಹೊರಗುಳಿದಿತ್ತು. 2015-16ರಲ್ಲಿ ಅದು ತೋರಿಸಿದ ಒಟ್ಟು ಎನ್‌ಪಿಎ ಸುಮಾರು 749 ಕೋಟಿ. ರಿಸರ್ವ್ ಬ್ಯಾಂಕ್ ಪರಿಶೀಲಿಸಿದಾಗ ಸಿಕ್ಕಿದ್ದು ಸುಮಾರು 4,926 ಕೋಟಿ. ಆಗ ಬ್ಯಾಂಕಿನ ಆರ್‌ಒಇ 20ರ ಹತ್ತಿರ ಇತ್ತು. ಮರುವರ್ಷವೂ ಇಂಥದ್ದೇ ವ್ಯತ್ಯಾಸ. 2019ರ ಡಿಸೆಂಬರ್ ತ್ರೈಮಾಸಿಕ ಒಂದರಲ್ಲೇ 18,564 ಕೋಟಿ ನಷ್ಟ ಬಂತು. 2020ರ ಮಾರ್ಚ್ 5ರಂದು ಹಣ ತೆಗೆಯಲು ಮಿತಿ ಹಾಕಿದರು. ನಂತರ ಎಸ್‌ಬಿಐ ಮತ್ತು ಇತರ ಬ್ಯಾಂಕುಗಳು ಹಣ ಹಾಕಿದ್ದು ಶೇರಿಗೆ 10 ರೂಪಾಯಿಯಂತೆ.

ಈ ವ್ಯತ್ಯಾಸವನ್ನು ವರದಿಯಲ್ಲಿ 'ಡೈವರ್ಜೆನ್ಸ್' ಎನ್ನುತ್ತಾರೆ. ನಿಗದಿತ ಮಿತಿ ದಾಟಿದರೆ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಅದನ್ನು ಪ್ರಕಟಿಸಬೇಕು. ಆ ಪದ ಹಾಕಿ ಪಿಡಿಎಫ್‌ನಲ್ಲಿ ಹುಡುಕಿ. ಅದರ ಜೊತೆಗೇ ಹುಡುಕಬೇಕಾದದ್ದು ಎರಡು: ಮರುಹೊಂದಿಸಿದ ಸಾಲ, ಅಂದರೆ ಕಟ್ಟಲಾಗದವನಿಗೆ ಕಂತು, ಅವಧಿ ಬದಲಿಸಿಕೊಟ್ಟದ್ದು, ಮತ್ತು ಎಸ್‌ಎಂಎ-2. ಎರಡನೆಯದು 61ರಿಂದ 90 ದಿನ ಬಾಕಿ ಇರುವ ಸಾಲ, ಎನ್‌ಪಿಎ ಹೊಸ್ತಿಲಲ್ಲಿ ಕೂತದ್ದು.

ಒಟ್ಟು ಎನ್‌ಪಿಎ ಇಳಿದಿದೆ ಎಂದ ಕೂಡಲೇ ಖುಷಿಪಡಬೇಡಿ. ವಸೂಲಾಗಿ ಇಳಿದಿರಬಹುದು, ಪುಸ್ತಕದಿಂದ ಹೊಡೆದುಹಾಕಿ ಇಳಿದಿರಬಹುದು. ವರ್ಷದಲ್ಲಿ ಹೊಸದಾಗಿ ಎಷ್ಟು ಸಾಲ ಕೆಟ್ಟಿತು ಎಂಬ ಅಂಕಿಯನ್ನು 'ಸ್ಲಿಪೇಜ್' ಎಂದು ಕೊಟ್ಟಿರುತ್ತಾರೆ. ಅದು ಇಳಿಯದೆ ಎನ್‌ಪಿಎ ಮಾತ್ರ ಇಳಿದಿದ್ದರೆ ಗುಡಿಸಿ ಹೊರಗೆ ಹಾಕಿದ್ದಾರೆ, ಮಾಡು ಇನ್ನೂ ಸೋರುತ್ತಿದೆ.

ನಮ್ಮ ಬ್ಯಾಂಕಿನಲ್ಲಿ ಎಸ್‌ಎಂಎ-2 ಮತ್ತು ಮರುಹೊಂದಿಸಿದ್ದು ಸೇರಿ 400 ಕೋಟಿ ಸಿಕ್ಕಿತು. ಅರ್ಧ ಕೆಟ್ಟರೆ 200. ಅದರಲ್ಲಿ ನೂರಕ್ಕೆ 70 ಹೋದರೆ 140. ಆಗಲೇ 740ಕ್ಕೆ ಇಳಿದಿದ್ದ ಸ್ವಂತ ಹಣ 600ಕ್ಕೆ ಬಂತು. ಬುಕ್ ವ್ಯಾಲ್ಯೂ 60 ರೂಪಾಯಿ.

ಅಳಿಯ ಕಾಗದವನ್ನೇ ನೋಡುತ್ತಿದ್ದ. ನೂರರ ಮಾಲು ಅರವತ್ತಕ್ಕೆ ಎಂದಿದ್ದು, ಅರವತ್ತರ ಮಾಲು ಅರವತ್ತಕ್ಕೆ ಆಗಿತ್ತು.

ಹೊಸ ಶೇರು ಬಂದರೆ ಏನಾಗುತ್ತದೆ?

ಕಥೆ ಇಲ್ಲಿಗೂ ನಿಲ್ಲುವುದಿಲ್ಲ. 600 ಕೋಟಿ ಇಟ್ಟುಕೊಂಡು ಹತ್ತಿರ ಹತ್ತು ಸಾವಿರ ಕೋಟಿ ಸಾಲ ಹೊರಲು ರಿಸರ್ವ್ ಬ್ಯಾಂಕಿನ ಬಂಡವಾಳ ನಿಯಮ ಕಷ್ಟವಾಗುತ್ತದೆ. ಬ್ಯಾಂಕು ಹೊಸ ಶೇರು ಮಾರಬೇಕು. ಕಷ್ಟದಲ್ಲಿದ್ದವನಿಗೆ ಒಳ್ಳೆ ಬೆಲೆ ಯಾರು ಕೊಡುತ್ತಾರೆ? 50 ರೂಪಾಯಿಯಂತೆ 8 ಕೋಟಿ ಶೇರು ಮಾರಿ 400 ಕೋಟಿ ತಂದಿತು ಎನ್ನಿ. ಸ್ವಂತ ಹಣ ಮತ್ತೆ 1,000 ಕೋಟಿ. ಪತ್ರಿಕೆಯಲ್ಲಿ 'ಬ್ಯಾಂಕಿಗೆ ಬಲ' ಎಂದು ಬರುತ್ತದೆ. ಆದರೆ ಶೇರುಗಳು ಈಗ 18 ಕೋಟಿ. ಬುಕ್ ವ್ಯಾಲ್ಯೂ ಸುಮಾರು 55.50. ಬ್ಯಾಂಕು ಗುಣವಾಯಿತು, ಹಳೆಯ ಶೇರುದಾರನಿಗೆ ಆಗಲಿಲ್ಲ. ಅದಕ್ಕೇ ಹಲವು ವರ್ಷಗಳ ಬುಕ್ ವ್ಯಾಲ್ಯೂವನ್ನು ಶೇರಿನ ಲೆಕ್ಕದಲ್ಲೇ ಸಾಲಾಗಿ ಬರೆದು ನೋಡಬೇಕು.

ಗುಣವಾಗದೆ ಹೋಗುವುದೂ ಇದೆ. 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿಬಿಎಸ್ ಇಂಡಿಯಾದೊಳಗೆ ಸೇರಿಸಿದಾಗ ಠೇವಣಿದಾರರ ಹಣ ಉಳಿಯಿತು. ಶೇರುದಾರರಿಗೆ ಏನೂ ಸಿಗಲಿಲ್ಲ.

ದುಬಾರಿ ಕಾಣುವುದನ್ನೂ ಇದೇ ತಕ್ಕಡಿಗೆ ಹಾಕಿ

ಹೋಲಿಕೆಗೆ ಇನ್ನೊಂದು ಬ್ಯಾಂಕು ತೆಗೆದೆವು. ಅದರದ್ದೂ ಬುಕ್ ವ್ಯಾಲ್ಯೂ 100, ಸಾಲ 10,000 ಕೋಟಿ, ಆದರೆ ಬೆಲೆ 180. ಆರ್‌ಒಇ 16. ಒಟ್ಟು ಎನ್‌ಪಿಎ 150 ಕೋಟಿ, ತೆಗೆದಿಟ್ಟದ್ದು 110. ಇಲ್ಲೂ ನೂರಕ್ಕೆ 30 ಮಾತ್ರ ವಸೂಲಾದರೆ ಹೋಗುವುದು 105 ಕೋಟಿ. ತೆಗೆದಿಟ್ಟದ್ದರಲ್ಲೇ ಮುಗಿಯಿತು, ಬುಕ್ ವ್ಯಾಲ್ಯೂ ಅಲುಗಲಿಲ್ಲ. ಲಾಭದ ಐದರಲ್ಲಿ ನಾಲ್ಕು ಪಾಲನ್ನು ಒಳಗೇ ಉಳಿಸಿಕೊಂಡು ಇದೇ ಗಳಿಕೆ ಐದು ವರ್ಷ ನಡೆಸಿದರೆ 100 ಎಂಬುದು ಸುಮಾರು 183 ಆಗುತ್ತದೆ.

ಹಾಗೆಂದು 180 ಅಗ್ಗವಲ್ಲ. ಆ 16 ಮುಂದೆ 12ಕ್ಕೆ ಇಳಿದರೆ ಕೊಟ್ಟ ಬೆಲೆ ಜಾಸ್ತಿಯಾಯಿತು. ನಾನಾದರೆ ಆ ಆರ್‌ಒಇ ಬಾಂಡ್ ಮಾರಿದ ಒಂದು ಸಲದ ಲಾಭದಿಂದ ಬಂತೋ, ಪ್ರಾವಿಷನ್ ಕಡಿಮೆ ಮಾಡಿ ಬಂತೋ ಎಂದು ಮೂರ್ನಾಲ್ಕು ವರ್ಷದ್ದು ತೆಗೆದು ನೋಡುತ್ತೇನೆ. ಒಟ್ಟು ಆಸ್ತಿಯ ಮೇಲಿನ ಲಾಭ ಶೇಕಡಾ 1ರ ಮೇಲಿದ್ದರೆ ಸ್ವಲ್ಪ ನೆಮ್ಮದಿ. ಆರ್‌ಒಇ ಮಾತ್ರ ಜೋರಾಗಿದ್ದು ಇದು ಕಡಿಮೆಯಿದ್ದರೆ ಸ್ವಂತ ಹಣ ತೆಳುವಾಗಿದೆ, ಸಾಲದ ಹೊರೆ ದೊಡ್ಡದಿದೆ ಎಂದರ್ಥ.

ಬಂಗಾರದ ಸಾಲ, ವಾಹನ ಸಾಲ ಕೊಡುವ ಫೈನಾನ್ಸ್ ಕಂಪನಿಗಳಿಗೂ ಇದೇ ದಾರಿ. ಅವರ ವರದಿಯಲ್ಲಿ ಎನ್‌ಪಿಎ ಜಾಗದಲ್ಲಿ ಹೆಚ್ಚಾಗಿ 'ಸ್ಟೇಜ್ 3' ಎಂದಿರುತ್ತದೆ, 'ಸ್ಟೇಜ್ 2' ಹೊಸ್ತಿಲಿನದ್ದು. ಊರ ಸಹಕಾರಿ ಸಂಘದ ಶೇರಿಗೆ ಮಾತ್ರ ಪಿ/ಬಿ ಹೊಂದುವುದಿಲ್ಲ, ಅದು ಪೇಟೆಯಲ್ಲಿ ಮಾರಾಟವಾಗುವುದಿಲ್ಲ. ಆದರೆ ಮಹಾಸಭೆಗೆ ಮೊದಲು ಮನೆಗೆ ಬರುವ ವರದಿ ಪುಸ್ತಕದಲ್ಲಿ ಸುಸ್ತಿ ಸಾಲ ಎಷ್ಟು, ಅದಕ್ಕೆ ತೆಗೆದಿಟ್ಟದ್ದು ಎಷ್ಟು ಎಂದು ನೋಡಲು ಯಾರ ಅಪ್ಪಣೆಯೂ ಬೇಡ.

ಅಳಿಯ ಅರವತ್ತರ ಶೇರು ತೆಗೆದುಕೊಂಡಿಲ್ಲ. ಮಂಗಳವಾರ ರಾತ್ರಿ ಫೋನ್ ಬಂತು: 'ಮಾವ, ಹೋದ ವರ್ಷದ ವರದಿಯಲ್ಲಿ ಡೈವರ್ಜೆನ್ಸ್ ಸಿಕ್ತು, 212ನೇ ಪುಟದಲ್ಲಿ. ಇಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ.'