ಒಳಗೆ ಹೋಗದ ಉಸಿರು, ಹೊರಗೆ ಬಾರದ ಗಾಳಿ

"ದಮ್ಮು ಹತ್ತ್ಯಾದ್ರಿ, ಉಸುರು ಒಳಗ ಹೋಗವಲ್ದು." ಪುಪ್ಪುಸದ ಗಾಳಿಗೂಡುಗಳು ಹಾಳಾಗುವ ಎಂಫಿಸೀಮಾ ರೋಗ ಇರುವ ಹತ್ತರಲ್ಲಿ ಎಂಟು ಜನ ನನ್ನ ಮುಂದೆ ಕೂತು ಹೇಳುವುದು ಇದನ್ನೇ. ಕಲಬುರಗಿಯಲ್ಲಿ ಫಿಜಿಯೋಥೆರಪಿಸ್ಟ್ ಆಗಿ ಶುರುವಿನ ವರ್ಷಗಳಲ್ಲಿ ನಾನು ಈ ಮಾತನ್ನು ಹಾಗೆಯೇ ನಂಬಿದೆ. ಒಳಗೆ ಹೋಗುತ್ತಿಲ್ಲ ಅಂದರೆ ಒಳಗೆ ಎಳೆಸಬೇಕು, ಅಲ್ವಾ? ಉಸಿರು ಎಳೆದರೆ ಚೆಂಡು ಮೇಲೇಳುವ ಮೂರು ಚೆಂಡಿನ ಯಂತ್ರ ಕೈಗೆ ಕೊಟ್ಟು "ಜೋರಾಗಿ ಎಳೀರಿ" ಅನ್ನುತ್ತಿದ್ದೆ. ನನ್ನ ತಪ್ಪು ತಿಳಿದದ್ದು ಚಿತ್ತಾಪುರ ಕಡೆಯ ಒಬ್ಬ ಕಾಕಾ ಬಂದಾಗ.

ಅವರಿಗೆ 62 ವರ್ಷ. ತೊಗರಿ ಹೊಲದ ಕೆಲಸ, ಹದಿನೆಂಟನೇ ವಯಸ್ಸಿನಿಂದ ಬೀಡಿ. ಆರು ತಿಂಗಳಿಂದ ಬೀಡಿ ಬಿಟ್ಟಿದ್ದರು. ಬೆರಳಿಗೆ ಹಾಕಿದ ಯಂತ್ರದಲ್ಲಿ ಆಮ್ಲಜನಕ 94 ತೋರಿಸುತ್ತಿತ್ತು. ಆದರೂ ಬಾಗಿಲಿಂದ ಕುರ್ಚಿಗೆ ಬರುವಷ್ಟರಲ್ಲಿ ಮಾತು ನಿಂತಿತ್ತು. ಚೆಂಡಿನ ಯಂತ್ರ ಕೊಟ್ಟೆ. ನಾಲ್ಕು ಸಲ ಎಳೆದರು. ಐದನೇ ಸಲಕ್ಕೆ ಯಂತ್ರ ನನ್ನ ಕೈಗೇ ಕೊಟ್ಟು, ಮೊಣಕಾಲಿಗೆ ಕೈ ಊರಿ ಮುಂದೆ ಬಾಗಿದರು. ಭುಜ ಮೇಲೇರಿತ್ತು, ಕುತ್ತಿಗೆಯ ಸ್ನಾಯು ಹಗ್ಗದ ಹಾಗೆ ಎದ್ದಿತ್ತು.

ಅವರು ಸುಧಾರಿಸಿಕೊಂಡ ಮೇಲೆ ಎದೆಯ ಕೆಳಗಿನ ಪಕ್ಕೆಲುಬುಗಳ ಮೇಲೆ ಎರಡೂ ಅಂಗೈ ಇಟ್ಟೆ, ಹೆಬ್ಬೆರಳು ನಡುವೆ ಬರುವ ಹಾಗೆ. ನಾವು ಉಸಿರು ಎಳೆದಾಗ ಹೆಬ್ಬೆರಳುಗಳು ದೂರ ಸರಿಯಬೇಕು. ಅವರದು ಹತ್ತಿರ ಬಂದವು! ಪಕ್ಕೆಲುಬು ಹೊರಗೆ ಅರಳುವ ಬದಲು ಒಳಗೆ ಜಗ್ಗುತ್ತಿತ್ತು. ಇದಕ್ಕೆ ಹೂವರ್ ಚಿಹ್ನೆ ಅನ್ನುತ್ತಾರೆ. ಪುಸ್ತಕದಲ್ಲಿ ಓದಿದ್ದೆ, ಕೈಗೆ ಸಿಕ್ಕದ್ದು ಅವತ್ತೇ.

ಉಸಿರಾಟದ ಮುಖ್ಯ ಸ್ನಾಯು ವಪೆ, ಅಂದರೆ ಡಯಾಫ್ರಮ್. ಅದು ಬೋರಲು ಹಾಕಿದ ಬುಟ್ಟಿಯ ಹಾಗೆ ಗುಮ್ಮಟವಾಗಿ ಇರುತ್ತದೆ. ಕುಗ್ಗಿದಾಗ ಕೆಳಗೆ ಇಳಿದು ಗಾಳಿ ಎಳೆಯುತ್ತದೆ. ಪುಪ್ಪುಸ ಯಾವಾಗಲೂ ಉಬ್ಬಿಯೇ ಇದ್ದರೆ ಗುಮ್ಮಟ ಮೊದಲೇ ಚಪ್ಪಟೆ ಆಗಿರುತ್ತದೆ. ಇಳಿಯಲು ಜಾಗ ಇಲ್ಲ. ಆಗ ಅದು ಕುಗ್ಗಿದರೆ ಪಕ್ಕೆಲುಬನ್ನೇ ಒಳಗೆ ಎಳೆಯುತ್ತದೆ. ಕಾಕಾ ಎದೆಯಲ್ಲಿ ಗಾಳಿ ಕಡಿಮೆ ಇರಲಿಲ್ಲ, ಜಾಸ್ತಿ ಇತ್ತು. ತುಂಬಿದ ಕೊಡಕ್ಕೆ ನಾನು ಇನ್ನೂ ನೀರು ಹೊಯ್ಯುತ್ತಿದ್ದೆ.

ಗಾಳಿ ಸಿಕ್ಕಿಕೊಳ್ಳುವುದು ಹೀಗೆ. ಉಸಿರು ಬಿಡಲು ಸಾಮಾನ್ಯವಾಗಿ ಶ್ರಮ ಬೇಕಿಲ್ಲ. ಹಿಗ್ಗಿದ ಪುಪ್ಪುಸ ರಬ್ಬರಿನಂತೆ ತಾನೇ ಹಿಂದಕ್ಕೆ ಬರುತ್ತದೆ. ಎಂಫಿಸೀಮಾದಲ್ಲಿ ಗಾಳಿಗೂಡುಗಳ ಗೋಡೆ ಹರಿದು ಆ ಬಿಗಿ ಹೋಗಿರುತ್ತದೆ. ಅದೇ ಗೋಡೆಗಳು ಸಣ್ಣ ಗಾಳಿಕೊಳವೆಗಳನ್ನು ಸುತ್ತಲಿಂದ ಹಿಡಿದು ತೆರೆದು ಇಡುತ್ತಿದ್ದವು, ಟೆಂಟಿನ ಹಗ್ಗಗಳ ಹಾಗೆ. ಹಗ್ಗ ಹೋದ ಮೇಲೆ ಉಸಿರು ಬಿಡುವಾಗ ಕೊಳವೆ ಮುಚ್ಚಿಕೊಳ್ಳುತ್ತದೆ. ಜೋರಾಗಿ ಊದಿದರೆ ಎದೆಯ ಒತ್ತಡವೇ ಅದನ್ನು ಇನ್ನಷ್ಟು ಒತ್ತುತ್ತದೆ. ಅಂದರೆ ಬಲ ಹಾಕಿ ಪ್ರಯೋಜನವಿಲ್ಲ, ಸಮಯ ಬೇಕು.

ನಡೆಯುವಾಗ ಸಿಗದೇ ಹೋಗುವುದು ಆ ಸಮಯವೇ. ಕಾಕಾ ಕೂತಾಗ ನಿಮಿಷಕ್ಕೆ 15 ಉಸಿರು. ಒಂದು ಉಸಿರಿಗೆ 4 ಸೆಕೆಂಡ್, ಅದರಲ್ಲಿ ಬಿಡಲು ಸುಮಾರು ಎರಡೂವರೆ. ನಡೆದಾಗ ಎಣಿಸಿದೆ, 30. ಒಂದು ಉಸಿರಿಗೆ ಬರೀ 2 ಸೆಕೆಂಡ್, ಬಿಡಲು ಒಂದು ಚಿಲ್ಲರೆ. ಪೂರ್ತಿ ಬಿಡುವ ಮೊದಲೇ ಮುಂದಿನ ಉಸಿರು ಬಂದು ಅದರ ಮೇಲೆ ಕೂರುತ್ತದೆ. ಪ್ರತಿ ಸಲ ಸ್ವಲ್ಪ ಗಾಳಿ ಉಳಿಯುತ್ತದೆ. ಇದು ಕೊನೆಯಿಲ್ಲದೆ ಏರುವುದಿಲ್ಲ. ಉಬ್ಬಿದಷ್ಟೂ ಕೊಳವೆ ಕೊಂಚ ಅಗಲವಾಗಿ, ಬಿಗಿಯೂ ಕೊಂಚ ಬಂದು, ಒಂದು ಹಂತದಲ್ಲಿ ಒಳಗೆ ಹೋದಷ್ಟು ಹೊರಗೆ ಬರುತ್ತದೆ. ಆದರೆ ಆ ಹಂತ ತುಂಬಾ ಮೇಲಿರುತ್ತದೆ.

ಅದನ್ನು ಅಳೆಯಬಹುದು. ಪುಪ್ಪುಸದಲ್ಲಿ ಉಳಿದ ಗಾಳಿಯನ್ನೇ ಅಳೆಯುವ ದೊಡ್ಡ ಪೆಟ್ಟಿಗೆಯಂಥ ಯಂತ್ರ ನನ್ನ ಬಳಿ ಇಲ್ಲ. ಎಳೆದ, ಬಿಟ್ಟ ಗಾಳಿಯನ್ನು ಅಳೆಯುವ ಮಾಮೂಲಿ ಸ್ಪೈರೋಮೀಟರ್‌ನಲ್ಲೇ ಒಂದು ದಾರಿ ಇದೆ. ನಾಲ್ಕೈದು ಸಹಜ ಉಸಿರಾದ ಮೇಲೆ, ಬಿಟ್ಟ ಉಸಿರಿನ ತುದಿಯಿಂದ ಪೂರ್ತಿ ತುಂಬುವಷ್ಟು ಎಳೆಯಲು ಹೇಳಬೇಕು. ಮೇಲೆ ಎಷ್ಟು ಜಾಗ ಉಳಿದಿದೆ ಎಂದು ಅದು ತಿಳಿಸುತ್ತದೆ. ಕಾಕಾಗೆ ಕೂತಾಗ 1.8 ಲೀಟರ್ ಬಂತು. ವರಾಂಡದಲ್ಲಿ ಆರು ನಿಮಿಷ ನಡೆಸಿ ಕೂಡಲೇ ನೋಡಿದರೆ 1.2. ಪೂರ್ತಿ ತುಂಬಿದ ಪುಪ್ಪುಸದ ಅಳತೆ ಅಷ್ಟರಲ್ಲಿ ಬದಲಾಗುವುದಿಲ್ಲ. ಅಂದರೆ 600 ಮಿಲಿಲೀಟರ್ ಜಾಗವನ್ನು ಹೊರಗೆ ಬಾರದ ಗಾಳಿ ತಿಂದಿತ್ತು. ರೋಗಿ ಅರ್ಧಂಬರ್ಧ ಎಳೆದು ಬಿಟ್ಟರೆ ಈ ಅಂಕಿ ಸುಳ್ಳು ಹೇಳುತ್ತದೆ. ಅದಕ್ಕೇ ಮೂರು ಸಲ ಮಾಡಿಸುತ್ತೇನೆ, ಒಂದಕ್ಕೊಂದು ಹತ್ತಿರ ಇಲ್ಲದಿದ್ದರೆ ಬರೆದುಕೊಳ್ಳುವುದಿಲ್ಲ.

ಇದರಿಂದ ಉಸಿರಾಟದ ಕೆಲಸ ಯಾಕೆ ಹೆಚ್ಚುತ್ತದೆ ಎಂದು ಕಾಕಾ ಮಗನಿಗೆ ಮಾತಿನಲ್ಲಿ ಹೇಳಲಿಲ್ಲ, ಮಾಡಿಸಿದೆ. "ಎದೆ ತುಂಬ ಉಸಿರು ತಗೊ. ಸ್ವಲ್ಪೇ ಸ್ವಲ್ಪ ಬಿಡು. ಈಗ ಅಲ್ಲಿಂದಲೇ ಮತ್ತೆ ತಗೊ, ಮತ್ತೆ ಅಷ್ಟೇ ಬಿಡು." ಆರನೇ ಉಸಿರಿಗೆ ಹುಡುಗ ಕೈ ಬೀಸಿದ. "ಒಳಗ ಹೋಗವಲ್ದ್ರೀ!" ಅಪ್ಪನ ಮಾತೇ ಅವನ ಬಾಯಲ್ಲಿ ಬಂತು. ನೀವೂ ಆರೋಗ್ಯವಾಗಿದ್ದರೆ ಒಮ್ಮೆ ಮಾಡಿ ನೋಡಿ. ಪೂರ್ತಿ ಹಿಗ್ಗಿದ ಎದೆಯನ್ನು ಇನ್ನೊಂದು ಚೂರು ಹಿಗ್ಗಿಸುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಹುಡುಗನಿಗೆ ತಿಳಿಯದ ಇನ್ನೊಂದು ಹೊರೆ ಇದೆ. ಉಸಿರು ಪೂರ್ತಿ ಬಿಡದೆ ಇದ್ದಾಗ ಒಳಗೆ ಸ್ವಲ್ಪ ಒತ್ತಡ ಉಳಿದಿರುತ್ತದೆ. ಹೊಸ ಉಸಿರು ಬರಬೇಕಾದರೆ ಸ್ನಾಯುಗಳು ಮೊದಲು ಆ ಒತ್ತಡವನ್ನು ಸೋಲಿಸಬೇಕು. ಅಷ್ಟು ಹೊತ್ತು ಒಂದು ಹನಿ ಗಾಳಿಯೂ ಒಳಗೆ ಬರುವುದಿಲ್ಲ. ಎರೆ ಹೊಲದಲ್ಲಿ ಹೂತ ಬಂಡಿ ಇದ್ದ ಹಾಗೆ. ಎತ್ತಿನ ಅರ್ಧ ಬಲ ಗಾಲಿಯನ್ನು ಕೆಸರಿಂದ ಎಬ್ಬಿಸಲು ಹೋಗುತ್ತದೆ. ಬಂಡಿ ಸಾಗುವುದು ಆಮೇಲೆ. ಅದೂ ಚಪ್ಪಟೆಯಾಗಿ ಬಲ ಕಳೆದುಕೊಂಡ ವಪೆಯೇ ಎತ್ತು. ಆಮ್ಲಜನಕ 94 ಇದ್ದರೂ ದಮ್ಮು ಯಾಕೆ ಅನ್ನುವವರಿಗೆ ನನ್ನ ಉತ್ತರ ಇದು.

ಮಾಡಿದ್ದು ಕೆಲವೇ ಕೆಲಸ. ಚೆಂಡಿನ ಯಂತ್ರ ನಿಲ್ಲಿಸಿದೆ. ಬಶಿಯಲ್ಲಿ ಚಹಾ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಬಿಡಲು ಕಲಿಸಿದೆ. ಎರಡು ಹೆಜ್ಜೆಗೆ ಮೂಗಿಂದ ತಗೊಳ್ಳುವುದು, ನಾಲ್ಕು ಹೆಜ್ಜೆಗೆ ಬಿಡುವುದು. ತುಟಿಯ ತಡೆ ಕೊಳವೆಯೊಳಗೆ ಒತ್ತಡ ಉಳಿಸಿ ಬೇಗ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ, ಉಸಿರಿನ ಲೆಕ್ಕವನ್ನೂ ಇಳಿಸುತ್ತದೆ. ಮೊದಲ ವಾರ ಅವರು ಕೆನ್ನೆ ಉಬ್ಬಿಸಿ ಒಲೆ ಊದಿದಂತೆ ಊದಿದರು, ದಮ್ಮು ಜಾಸ್ತಿಯೇ ಆಯಿತು. ಹೊಟ್ಟೆಯ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ: ಬಿಡುವಾಗ ಹೊಟ್ಟೆ ಕಲ್ಲಾದರೆ ಬಲ ಹಾಕುತ್ತಿದ್ದಾರೆ. ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಒಗ್ಗದವರಿಗೆ ಒತ್ತಾಯ ಮಾಡುವುದಿಲ್ಲ.

ಇನ್ಹೇಲರ್ ಮೊದಲೇ ಇತ್ತು, ಆದರೆ ನೇರ ಬಾಯಿಗೆ ಹೊಡೆದುಕೊಳ್ಳುತ್ತಿದ್ದರು. ವೈದ್ಯರನ್ನು ಕೇಳಿ ಇನ್ಹೇಲರ್ ಮತ್ತು ಬಾಯಿಯ ನಡುವೆ ಇಡುವ ಕೊಳವೆ, ಅಂದರೆ ಸ್ಪೇಸರ್, ಹಚ್ಚಿಸಿದೆ. ಔಷಧಿ ತಗೊಂಡು ಇಪ್ಪತ್ತು ನಿಮಿಷದ ಮೇಲೆ ನೋಡಿದಾಗ ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಹೆಚ್ಚುಕಮ್ಮಿ ಅಷ್ಟೇ ಇತ್ತು. ಆ ಅಂಕಿಯೊಂದನ್ನೇ ನೋಡಿದ್ದರೆ ಔಷಧಿ ವ್ಯರ್ಥ ಅನ್ನುತ್ತಿದ್ದೆವು. ಮೇಲಿನ ಜಾಗ ಮಾತ್ರ 1.8ರಿಂದ 2.05ಕ್ಕೆ ಹೋಗಿತ್ತು. ಸಿಕ್ಕಿಕೊಂಡ ಗಾಳಿ ಸ್ವಲ್ಪ ಖಾಲಿಯಾಗಿತ್ತು, ಕಾಕಾಗೆ ಅದು ತಿಳಿದಿತ್ತು.

ಮೂರು ತಿಂಗಳ ಮೇಲೆ ಅದೇ ವರಾಂಡದ ನಡಿಗೆ ಮುಗಿಸಿದಾಗ 1.5 ಬಂತು, ನಿಮಿಷಕ್ಕೆ 24 ಉಸಿರು. ಹರಿದ ಗೋಡೆ ಮತ್ತೆ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಬಸ್ ಇಳಿದು ಮನೆ ಮುಟ್ಟಲು ಮೊದಲು ನಾಲ್ಕು ಕಡೆ ಕೂರುತ್ತಿದ್ದರು, ಈಗ ಒಂದೇ ಕಟ್ಟೆ. ಬಗ್ಗಿ ಚಪ್ಪಲಿಯ ಪಟ್ಟಿ ಹಾಕುವಾಗ ಮಾತ್ರ ಇನ್ನೂ ದಮ್ಮು ಹತ್ತುತ್ತದೆ. ಹೊಟ್ಟೆ ವಪೆಯನ್ನು ಒತ್ತುತ್ತದೆ, ಉಸಿರೂ ಕಟ್ಟಿರುತ್ತದೆ. ಪಟ್ಟಿ ಇಲ್ಲದ ಚಪ್ಪಲಿ ತಗೊಳ್ಳಿ ಎಂದೆ. "ಹೊಲದಾಗ ಜಾರ್ತಾವ್ರಿ" ಎಂದರು. ಈಗ ಮೊಮ್ಮಗಳು ಹಾಕಿಕೊಡುತ್ತಾಳಂತೆ.