ಬ್ಯಾಂಕಿನಲ್ಲಿ ನಾಲ್ಕು ಲಕ್ಷ, ಲೆಕ್ಕದಲ್ಲಿ ಕೊರತೆ: ಫ್ಲ್ಯಾಟ್ ಸಂಘದ ವರದಿ ಬರೆಯುವುದು ಹೇಗೆ?

ಮಂಗಳೂರಿನ ನಮ್ಮ ವಸತಿ ಸಮುಚ್ಚಯದ ಮಹಾಸಭೆಯಲ್ಲಿ ಖಜಾಂಚಿಯಾಗಿ ನಾನು ಮೊದಲ ವರದಿ ಓದಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: ‘ಬ್ಯಾಂಕಿನಲ್ಲಿ ಹಣ ಹೆಚ್ಚಾಗಿದೆಯಲ್ಲ ಮಾರಾಯರೇ, ಮತ್ತೆ ಕೊರತೆ ಎಲ್ಲಿಂದ ಬಂತು?’ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ನನ್ನ ವರದಿಯಲ್ಲಿ ಇರಲಿಲ್ಲ. ಮರುವರ್ಷದಿಂದ ವರದಿಯನ್ನು ಹೀಗೆ ಬರೆಯುತ್ತಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಸರಿಹೊಂದಿಸಿದ್ದೇನೆ.

ಮೊದಲು ಆ ವರ್ಷಕ್ಕೆ ಸೇರಿದ ಆದಾಯ ಮತ್ತು ವೆಚ್ಚವನ್ನು ಮಾತ್ರ ಬರೆಯಿರಿ. ಹಣ ಕೈಗೆ ಬಂತೇ, ಕೈಯಿಂದ ಹೋಯಿತೇ ಎಂಬುದು ಇಲ್ಲಿ ಮುಖ್ಯವಲ್ಲ. 40 ಮನೆಗಳು, ತಿಂಗಳಿಗೆ ತಲಾ 2,500 ರೂಪಾಯಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 12 ಲಕ್ಷ. ವರ್ಷದ ವೆಚ್ಚ 12.60 ಲಕ್ಷ. ಮಾರ್ಚ್ ತಿಂಗಳ ಮೆಸ್ಕಾಂ ಬಿಲ್ಲನ್ನು ಏಪ್ರಿಲ್‌ನಲ್ಲಿ ಕಟ್ಟಿದರೂ ಅದು ಮಾರ್ಚ್‌ನ ವೆಚ್ಚವೇ. ಹೀಗೆ ನೋಡಿದರೆ ಕೊರತೆ 60,000.

ಆದರೆ ಪಾಸ್‌ಬುಕ್ ಬೇರೆಯೇ ಕಥೆ ಹೇಳುತ್ತಿತ್ತು. ವರ್ಷದ ಆರಂಭದಲ್ಲಿ 3.10 ಲಕ್ಷ ಇದ್ದದ್ದು ಕೊನೆಗೆ 4 ಲಕ್ಷವಾಗಿತ್ತು. ಇಲ್ಲಿ ಸದಸ್ಯರಿಗೆ ಹೇಳಬೇಕಾದ್ದು ಒಂದೇ: ಈ ನಾಲ್ಕು ಲಕ್ಷ ಯಾರದ್ದು? ಅದರಲ್ಲಿ 3.10 ಲಕ್ಷ ಲಿಫ್ಟ್ ಮತ್ತು ಬಣ್ಣದ ಕೆಲಸಕ್ಕೆಂದು ಮಾಲೀಕರು ಕೊಟ್ಟ ಠೇವಣಿ, ಅದನ್ನು ಮುಟ್ಟುವಂತಿಲ್ಲ. ಕೊಲ್ಲಿ ದೇಶಗಳಲ್ಲಿರುವ ಐದು ಮನೆಯವರು ಮುಂದಿನ ವರ್ಷದ್ದನ್ನು ಮಾರ್ಚ್‌ನಲ್ಲೇ ಕಳುಹಿಸಿಬಿಟ್ಟಿದ್ದರು, ಆ 1.50 ಲಕ್ಷ ಮುಂದಿನ ವರ್ಷದ ಆದಾಯ. ಕಾವಲಿನ ಏಜೆನ್ಸಿಗೆ, ಟ್ಯಾಂಕರಿನವರಿಗೆ, ಮೆಸ್ಕಾಂಗೆ ಕೊಡಬೇಕಾದ ಬಾಕಿ 90,000. ಮೂರನ್ನೂ ಕೂಡಿದರೆ 5.50 ಲಕ್ಷ. ಇದರ ಎದುರು ಬ್ಯಾಂಕಿನ 4 ಲಕ್ಷ, ಜೊತೆಗೆ ಮೂರು ಮನೆಯವರು ವರ್ಷವಿಡೀ ಕಟ್ಟದ 90,000, ಒಟ್ಟು 4.90 ಲಕ್ಷ. ವ್ಯತ್ಯಾಸ ಸರಿಯಾಗಿ 60,000. ಹಿಂದಿನ ವರ್ಷಗಳ ಉಳಿಕೆಯೋ ಕೊರತೆಯೋ ಇದ್ದರೆ ಅದನ್ನೂ ಹಿಡಿದ ಮೇಲೆ ಈ ಎರಡು ದಾರಿಯ ಲೆಕ್ಕ ಒಂದೇ ಅಂಕಿಗೆ ಬಂದು ನಿಲ್ಲದಿದ್ದರೆ ವರದಿಯನ್ನು ಅಚ್ಚಿಗೆ ಕೊಡಬೇಡಿ. ಎಲ್ಲೋ ಒಂದು ಬಾಬ್ತು ಒಂದು ಲೆಕ್ಕದಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗಿದೆ ಎಂದೇ ಅರ್ಥ.

ಬಾಕಿದಾರರ 90,000ವನ್ನು ಆದಾಯವೆಂದು ಹಿಡಿದಿದ್ದೇವೆ ಎಂಬುದನ್ನು ಮುಚ್ಚಿಡಬಾರದು. ಅದು ಬಾರದೇ ಹೋದರೆ ಕೊರತೆ ಒಂದೂವರೆ ಲಕ್ಷ. ವರದಿಯಲ್ಲಿ ಈ ಒಂದು ವಾಕ್ಯವನ್ನು ನಾನು ದಪ್ಪಕ್ಷರದಲ್ಲೇ ಹಾಕಿಸುತ್ತೇನೆ, ಯಾರು ಮುಖ ಗಂಟು ಹಾಕಿಕೊಂಡರೂ ಸರಿ.

ಮುಂದಿನದು ಕಾರಣ. ಪ್ರತಿ ಬಾಬ್ತಿಗೂ ವಿವರಣೆ ಬರೆಯುತ್ತ ಕೂರಬೇಡಿ. ಪೊರಕೆ, ಫಿನಾಯಿಲ್‌ನ ಇನ್ನೂರು ಮುನ್ನೂರರ ಚರ್ಚೆಯಲ್ಲೇ ಸಭೆ ಮುಗಿಯುತ್ತದೆ. ಆ ವರ್ಷ ಅಂದಾಜು ಮೀರಿದ್ದು ಎರಡೇ ಕಡೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ತಳ ಕಂಡಿತು, ನಲ್ಲಿ ನೀರು ದಿನ ಬಿಟ್ಟು ದಿನ ಬಂತು. 40 ಟ್ಯಾಂಕರ್ ಸಾಕೆಂದುಕೊಂಡಲ್ಲಿ 80 ತರಿಸಿದೆವು. ಟ್ಯಾಂಕರಿಗೆ 1,200ರಂತೆ ಹೆಚ್ಚುವರಿ 48,000. ಕಾವಲಿನ ದರ ತಿಂಗಳಿಗೆ 2,000 ಏರಿತು, ವರ್ಷಕ್ಕೆ 24,000. ಜನರೇಟರ್ ಡೀಸೆಲ್‌ನಲ್ಲಿ 12,000 ಉಳಿಯಿತು. ಉಳಿದ ಬಾಬ್ತುಗಳು ಅಂದಾಜಿನಂತೆಯೇ ಇದ್ದವು.

ಇವುಗಳಲ್ಲಿ ಯಾವುದು ಮರುಕಳಿಸುತ್ತದೆ ಎಂಬುದರ ಮೇಲೆ ಪರಿಹಾರ ನಿಂತಿದೆ. ಕಾವಲಿನ ದರ ಇಳಿಯುವುದಿಲ್ಲ. ಟ್ಯಾಂಕರ್ ಮಾತ್ರ ಮಳೆ ಯಾವಾಗ ಹಿಡಿಯುತ್ತದೆ ಎಂಬುದರ ಮೇಲೆ. ಆದ್ದರಿಂದ ಸಭೆಯ ಮುಂದೆ ಎರಡು ಬೇರೆ ಬೇರೆ ಠರಾವು ಇಟ್ಟೆ. ಹಳೆಯ ಕೊರತೆ ತುಂಬಲು ಮನೆಗೆ ಒಟ್ಟು 1,500. ಒಂದೇ ಕಂತು ಭಾರವೆನಿಸಿದರೆ ತಿಂಗಳಿಗೆ 125ರಂತೆ ಹನ್ನೆರಡು ತಿಂಗಳು, ಆಮೇಲೆ ನಿಲ್ಲುತ್ತದೆ. ಕಾವಲಿನ ಏರಿಕೆಗೆ ತಿಂಗಳಿಗೆ 50, ಇದು ಖಾಯಂ. ಎರಡನ್ನೂ ಸೇರಿಸಿ ‘175 ಹೆಚ್ಚಳ’ ಎಂದಿದ್ದರೆ ಮರುವರ್ಷ 125ನ್ನು ಇಳಿಸಲು ಯಾರಿಗೂ ನೆನಪಾಗುತ್ತಿರಲಿಲ್ಲ. ಹಿಂದಿನ ವರ್ಷಗಳ ಉಳಿಕೆ ಇರುವ ಸಂಘದವರು ಕೊರತೆಯನ್ನು ಮೊದಲು ಅದರಲ್ಲಿ ಕಳೆಯಬೇಕು. ನಮ್ಮಲ್ಲಿ ಅದು ಇರಲಿಲ್ಲ.

ಉಳಿಕೆ ಬಂದ ವರ್ಷದಲ್ಲೂ ಇದೇ ಕ್ರಮ, ಆದರೆ ಹುಡುಕಬೇಕಾದದ್ದು ಮಾಡದೆ ಬಿಟ್ಟ ಕೆಲಸವನ್ನು. ಮೇ ತಿಂಗಳಲ್ಲಿ ಆಗಬೇಕಿದ್ದ ತಾರಸಿಯ ಬಿರುಕು ಮುಚ್ಚುವ ಕೆಲಸವನ್ನು ಮುಂದೂಡಿದರೆ ಪುಸ್ತಕದಲ್ಲಿ ಉಳಿಕೆ ಕಾಣುತ್ತದೆ. ಜುಲೈ ಹೊತ್ತಿಗೆ ಮೇಲಿನ ಮಹಡಿಯವರು ನಡುಮನೆಯಲ್ಲಿ ಬಕೆಟ್ ಇಟ್ಟಿರುತ್ತಾರೆ. ಅಂಥ ವರ್ಷ ‘ಉಳಿಕೆ’ ಎಂಬ ಸಾಲಿನ ಕೆಳಗೇ ‘ಮಾಡಲು ಬಾಕಿಯಿರುವ ಕೆಲಸ, ಅದರ ಅಂದಾಜು ಮೊತ್ತ’ ಎಂದು ಇನ್ನೊಂದು ಸಾಲು ಬರೆಯಿರಿ. ಆಗ ಮೇಲಿನ ಮಹಡಿಯವರೂ ಮಹಾಸಭೆಗೆ ಬರುತ್ತಾರೆ.